ಗಡೀಪಾರಿಗೆ ಮಾತ್ರ

ಚೆನ್ನೈಯ ರಾಯಪುರದಲ್ಲಿ, ಬಂದರಿನ ಗೋಡೆಗೆ ಎದುರಾಗಿ, ಹಡಗಿನ ಕಾಗದಪತ್ರಗಳನ್ನು ಅನುವಾದಿಸಿಕೊಡುವ ಒಂದು ಸಣ್ಣ ಕಚೇರಿಯಿದೆ. ದಾಕ್ಷಾಯಿಣಿ ಅಲ್ಲಿ ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದ ಮಾಡಿ ಮೊಹರು ಹಾಕಿಕೊಡುವವಳು. ಮನೆತನ ಧಾರವಾಡದ ಕಡೆಯದು. ತಂದೆ ಮಸ್ಕತ್ತಿನಲ್ಲಿ ಎಂಜಿನಿಯರಾಗಿದ್ದಾಗ ಶಾಲೆಯಲ್ಲಿ ನಾಲಿಗೆಗೆ ಹತ್ತಿದ ಅರಬ್ಬಿಯನ್ನು ಆಮೇಲೆ ಚೆನ್ನೈಯಲ್ಲಿ ಎಂ.ಎ. ಮಾಡಿ ಗಟ್ಟಿ ಮಾಡಿಕೊಂಡಿದ್ದಳು.

ಒಂದು ಮಧ್ಯಾಹ್ನ ಅವಳ ಮೇಜಿನ ಮುಂದೆ ಸುಬ್ರಾಯರು ಬಂದು ಕೂತರು. ಟಿ. ನಗರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರು, ಕುಂದಾಪುರದ ಕಡೆಯವರು. ಅವಳು ಅಲ್ಲಿ ಊಟಕ್ಕೆ ಹೋಗುತ್ತಿದ್ದುದರಿಂದ ಪರಿಚಯ. ಅವರ ಮಗ ಮನೀಶ್ ಕೊಲ್ಲಿಯ ಒಂದು ದೇಶದಲ್ಲಿ ಜೈಲಿನಲ್ಲಿದ್ದಾನೆ ಎಂಬುದೂ ಅವಳಿಗೆ ಗೊತ್ತಿತ್ತು. ರಜೆ ಮುಗಿಸಿ ಹೊರಟವನ ಕೈಗೆ ಯಾರೋ ಪರಿಚಯದವರು ಔಷಧಿಯ ಪೊಟ್ಟಣ ಕೊಟ್ಟಿದ್ದರು. ಅದರಲ್ಲಿದ್ದ ನೋವಿನ ಮಾತ್ರೆ ಅಲ್ಲಿ ನಿಷಿದ್ಧ. ಹತ್ತು ವರ್ಷ ಜೈಲು, ಅದು ಮುಗಿದ ಮೇಲೆ ಗಡೀಪಾರು ಎಂದು ತೀರ್ಪಾಗಿತ್ತು. ಹುಡುಗ ಒಳಗೆ ಹೋಗಿ ಮೂರು ವರ್ಷವಾಗಿತ್ತು.

ಆದರೆ ಅವತ್ತು ಸುಬ್ರಾಯರ ಮುಖದಲ್ಲಿ ಕಳೆಯಿತ್ತು. ರಂಜಾನಿಗೆ ಅಲ್ಲಿನ ಅರಸರು ಕೈದಿಗಳಿಗೆ ಕ್ಷಮೆ ಕೊಟ್ಟಿದ್ದರು, ಮನೀಶನ ಹೆಸರಿಗೂ ಆದೇಶ ಬಂದಿತ್ತು. ಮಗನ ಪಾಸ್‌ಪೋರ್ಟ್ ಅವಧಿ ಮುಗಿದುಹೋಗಿತ್ತು. ಅವನು ಬರಲು ಬೇಕಾದ ತಾತ್ಕಾಲಿಕ ಪ್ರಯಾಣಪತ್ರಕ್ಕೆ ಮೊಹರು ಹಾಕಿದ ಅನುವಾದ ಬೇಕೆಂದು ರಾಯಭಾರ ಕಚೇರಿಯವರು ಹೇಳಿದ್ದರಂತೆ. ಆದೇಶದ ನಕಲಿನ ಜೊತೆ, ಮನೀಶನನ್ನು ಕೆಲಸಕ್ಕೆ ಕಳಿಸಿದ್ದ ಏಜೆಂಟ್ ಮಾಡಿಕೊಟ್ಟಿದ್ದ ಇಂಗ್ಲಿಷನ್ನೂ ಅವರು ತಂದಿದ್ದರು. ‘ದ ಪಾರ್ಡನ್ ಡಸ್ ನಾಟ್ ಕವರ್ ಓನ್ಲಿ ದ ಡಿಪೋರ್ಟೇಶನ್’ ಎಂದು ಅದರಲ್ಲಿತ್ತು. ಕ್ಷಮೆ ಗಡೀಪಾರಿಗೆ ಮಾತ್ರ ಇಲ್ಲ, ಅಂದರೆ ಜೈಲಿಗೆ ಉಂಟು, ಬಿಟ್ಟು ಊರಿಗೆ ಕಳಿಸುತ್ತಾರೆ ಎಂದು ಏಜೆಂಟ್ ಬಿಡಿಸಿ ಹೇಳಿದ್ದ. ಹೆಂಡತಿ ಬೇಬಿ ಆಗಲೇ ಮಗನಿಗೆ ಅಂಗಿಗಳನ್ನು ತಂದಿಟ್ಟಿದ್ದಳು.

ದಾಕ್ಷಾಯಿಣಿ ಅರಬ್ಬಿಯನ್ನು ಮೆಲ್ಲಗೆ ಬಾಯಿಬಿಟ್ಟು ಓದಿದಳು. ‘ವ ಲಾ ಯಷ್ಮಲುಲ್ ಅಫ್ವು ಇಲ್ಲಾ ಉಕೂಬತಲ್ ಇಬ್‌ಆದ್.’ ಮತ್ತೊಮ್ಮೆ ಓದಿದಳು.

ಮೊದಲು ‘ಲಾ’, ಆಮೇಲೆ ‘ಇಲ್ಲಾ’. ‘ಲಾ’ ಎಂದರೆ ಇಲ್ಲ, ‘ಇಲ್ಲಾ’ ಎಂದರೆ ಬಿಟ್ಟು. ಎರಡೂ ಜೊತೆಗೂಡಿದರೆ ಮೊದಲನೆಯದು ಎಲ್ಲವನ್ನೂ ಅಲ್ಲಗಳೆಯುತ್ತದೆ, ಎರಡನೆಯದು ಒಂದನ್ನಷ್ಟೇ ಉಳಿಸುತ್ತದೆ. ಇಂಗ್ಲಿಷಿನಲ್ಲಿ ‘ಎಕ್ಸೆಪ್ಟ್’ ಹಾಕಿದರೆ ‘ನಾಟ್’ ಕೂಡ ಇರಬೇಕು: ಗಡೀಪಾರನ್ನು ಬಿಟ್ಟು ಬೇರೆ ಯಾವುದಕ್ಕೂ ಕ್ಷಮೆಯಿಲ್ಲ. ‘ಓನ್ಲಿ’ ಹಾಕಿದರೆ ‘ನಾಟ್’ ಹೋಗಲೇಬೇಕು: ಕ್ಷಮೆ ಗಡೀಪಾರಿಗೆ ಮಾತ್ರ. ಏಜೆಂಟ್ ಪದಕ್ಕೆ ಪದ ಇಡಲು ಹೋಗಿ ಎರಡನ್ನೂ ಇಟ್ಟುಕೊಂಡಿದ್ದ. ಅರ್ಥ ಬುಡಮೇಲಾಗಿತ್ತು.

ತಾನೇ ತಪ್ಪಿರಲಿ ಎಂದು ಅವಳು ಹುಡುಕಿದಳು. ‘ಎಲ್ಲ ಶಿಕ್ಷೆಗಳಿಗೂ ಕ್ಷಮೆ, ಇಲ್ಲಾ ಗಡೀಪಾರು’ ಎಂದು ‘ಲಾ’ ಇಲ್ಲದೆ ಬರೆದಿದ್ದರೆ ಸುಬ್ರಾಯರ ಸಂತೋಷವೇ ಸರಿಯಾಗುತ್ತಿತ್ತು. ‘ಎಲ್ಲ ಶಿಕ್ಷೆಗಳು’ ಎಂಬ ಮಾತೇ ಅಲ್ಲಿರಲಿಲ್ಲ. ‘ಲಾ’ ನಕಲಿನ ಮಸಿಯ ಕಲೆಯಿರಬಹುದೇ ಎಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಚ್ಚಾದ ಅಕ್ಷರ ಸ್ಪಷ್ಟವಾಗಿತ್ತು.

“ನೀವು ಓದುವಾಗ ಇಲ್ಲ ಅಂತ ಕೇಳಿಸಿತಲ್ಲ ಅಮ್ಮಾ,” ಎಂದರು ಸುಬ್ರಾಯರು. “ಗಡೀಪಾರಿಗೆ ಇಲ್ಲ ಅಂತಲೇ ಅಲ್ವಾ ಬರ್ದದ್ದು?”

“ಅದು ನಮ್ಮ ಇಲ್ಲ ಅಲ್ರಿ. ಬಿಟ್ಟು ಅಂತ ಅರ್ಥ ಅದಕ್ಕ. ಗಡೀಪಾರು ಬಿಟ್ಟು ಬ್ಯಾರೆ ಯಾವುದಕ್ಕೂ ಮಾಫಿ ಇಲ್ಲ ಅಂತ ಬರದಾರ.”

ಅವರು ಏಜೆಂಟನ ಕಾಗದವನ್ನು ಮತ್ತೆ ನೋಡಿದರು. “ಹಾಗಾದ್ರೆ ಊರಿಗೆ ಕಳಿಸುದನ್ನು ಮಾತ್ರ ಕ್ಯಾನ್ಸಲ್ ಮಾಡಿದ್ದಾ?”

“ಹೌದ್ರಿ. ಜೈಲು ಹಂಗೇ ಇರ್ತದ.”

ಶಿಕ್ಷೆ ಮುಗಿದ ಮೇಲೆ ಬೇಕಾದರೆ ಆ ದೇಶದಲ್ಲೇ ಇರಬಹುದು ಎಂಬುದು ಅರಸರು ತೋರಿದ ದಯೆಯಾಗಿತ್ತು. ಸುಬ್ರಾಯರು ಏಜೆಂಟನ ಕಾಗದವನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಇದಕ್ಕೇ ಮೊಹರು ಹಾಕಲಿಕ್ಕೆ ಆಗುವುದಿಲ್ಲವೇ ಎಂದು ಕೇಳಿದರು. ಅಲ್ಲಿಯ ಜೈಲಿನವರು ಓದುವುದು ಅರಬ್ಬಿಯನ್ನು, ನಮ್ಮ ಇಂಗ್ಲಿಷನ್ನಲ್ಲ ಎಂದು ಅವಳು ತಿಳಿಸಿ ಹೇಳಬೇಕಾಯಿತು. ಮನೀಶನ ಪರ ವಾದಿಸಿದ್ದ ಅಲ್ಲಿನ ವಕೀಲರ ಕಚೇರಿಗೆ ಅವರ ಎದುರಿಗೇ ಫೋನ್ ಮಾಡಿದಳು. ಗುಮಾಸ್ತ ಕಡತ ತೆಗೆದು ಅದೇ ವಾಕ್ಯ ಓದಿ, ಗಡೀಪಾರು ಮಾತ್ರ ರದ್ದು ಎಂದ. ಅದರಲ್ಲಿ ಯಾರಿಗಾದರೂ ಅನುಮಾನ ಬರಬಹುದು ಎಂಬುದೇ ಅವನಿಗೆ ಸೋಜಿಗವಾಗಿತ್ತು.

ಬೇಬಿಗೆ ಹೇಳಲು ತನ್ನಿಂದಾಗದು ಎಂದು ಸುಬ್ರಾಯರು ಕೈ ಮುಗಿದರು. ಸಂಜೆ ದಾಕ್ಷಾಯಿಣಿ ಅವರೊಂದಿಗೆ ಟಿ. ನಗರಕ್ಕೆ ಹೋದಳು. ಹೋಟೆಲಿನ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಗಳ ಗೋದಾಮುಗಳ ನಡುವೆ ಎರಡು ಕೋಣೆಯ ಮನೆ. ಬೇಬಿ ಕಾಫಿ ಕೊಟ್ಟು ಎದುರಿಗೆ ನೆಲದ ಮೇಲೆ ಕೂತು ಕೇಳಿಸಿಕೊಂಡಳು. ಮಗಳು ಅನ್ವಿತಾ ಮಾತ್ರ, “ಅಪ್ಪೋ ಅಣ್ಣಾ ವರಮಾಟ್ಟಾನಾ?” ಹಾಗಾದರೆ ಅಣ್ಣ ಬರುವುದಿಲ್ಲವಾ ಎಂದು ತಮಿಳಿನಲ್ಲಿ ಕೇಳಿ, ಉತ್ತರ ತಂದೆಯ ಮುಖದಲ್ಲೇ ಕಂಡು ಒಳಗೆ ಹೋದಳು.

ಬೇಬಿ ಅಳಲಿಲ್ಲ. ಖಾಲಿ ಲೋಟ ಎತ್ತಿಕೊಂಡು ಹೇಳಿದಳು: “ಅವನಿಗೆ ಅರಬ್ಬಿ ಬರ್ತದೆ. ಅವನಿಗೆ ಗೊತ್ತಿತ್ತು. ಫೋನ್ ಮಾಡಿದಾಗೆಲ್ಲ ನಾನು, ಬಂದ ದಿನ ಎಂತ ಮಾಡ್ಲಿ, ಬಾಳೆಕಾಯಿ ಪೋಡಿ ಕರೀಲಾ ಅಂತ ಕೇಳ್ತಿದ್ದೆ. ಅವ ಹೂಂ ಅಂತಿದ್ದ.”

ಕೈಲಾದದ್ದನ್ನು ಮಾಡದೆ ಬಿಡಬಾರದು ಎಂದು ದಾಕ್ಷಾಯಿಣಿ ತಾನೇ ಅರಬ್ಬಿಯಲ್ಲಿ ಮನವಿ ಬರೆದಳು. ಊರಿಗೆ ಕಳಿಸುವುದನ್ನು ಬೇಕಾದರೆ ಹಾಗೇ ಇಡಿ, ಸೆರೆವಾಸಕ್ಕೆ ಕ್ಷಮೆ ಕೊಡಿ ಎಂದು ಬೇಡಿಕೊಂಡಳು. ವಕೀಲರ ಮೂಲಕ ಅದು ಕ್ಷಮೆಯ ಸಮಿತಿಗೆ ಹೋಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಉತ್ತರ ಬಂತು. ‘ಲೈಸ ಲನಾ ಇಲ್ಲಾ’, ‘ನಮಗಿಲ್ಲ, ಬಿಟ್ಟು’ ಎಂದು ಶುರುವಾಗಿತ್ತು. ಮುಂದೆ ಓದುವ ಮೊದಲೇ ಅವಳಿಗೆ ವಿಷಯ ತಿಳಿಯಿತು. ಆದೇಶ ಜಾರಿ ಮಾಡುವುದನ್ನು ಬಿಟ್ಟು ನಮಗೆ ಬೇರೆ ಅಧಿಕಾರವಿಲ್ಲ, ನಾವು ಜಾರಿ ಮಾಡಬಲ್ಲೆವು, ಅಷ್ಟೇ. ಅನುವಾದದಲ್ಲಿ ಎಡವಲು ಅಲ್ಲಿ ಏನೂ ಇರಲಿಲ್ಲ.

ಅದನ್ನು ತಿಳಿಸಲು ಅವಳು ಶುಕ್ರವಾರ ಹೋದಳು. ಹೇಳಿ ಮುಗಿಸುವಷ್ಟರಲ್ಲಿ ಮನೀಶನ ಫೋನ್ ಬಂತು, ಜೈಲಿನವರು ಮಾತಾಡಲು ಬಿಡುತ್ತಿದ್ದುದು ಆ ದಿನವೇ. ಅರಬ್ಬಿಯ ಅಕ್ಕ ಬಂದಿದ್ದಾರೆ ಎಂದು ಬೇಬಿ ಫೋನನ್ನು ಅವಳ ಕೈಗೆ ಕೊಟ್ಟಳು. ಅತ್ತಲಿಂದ ಹುಡುಗ, ಮನೆಯವರಿಗೆ ತಿಳಿಯದ ಹಾಗೆ ಅರಬ್ಬಿಯಲ್ಲೇ ಅಂದ:

“ಲಾ ತಕೂಲೀ ಲಿ ಉಮ್ಮೀ ಇಲ್ಲಾ ಖೈರನ್.”

ನನ್ನ ಅಮ್ಮನಿಗೆ ಒಳ್ಳೆಯದನ್ನು ಮಾತ್ರ ಹೇಳಿ.

ಇದ್ದದ್ದನ್ನು ಆಗಲೇ ಹೇಳಿಯಾಗಿತ್ತು. ದಾಕ್ಷಾಯಿಣಿ ಹೂಂ ಎಂದು ಫೋನನ್ನು ಮರಳಿ ಕೊಟ್ಟಳು. ಅವನು ಏನೆಂದ ಎಂದು ಬೇಬಿ ಕೇಳಲಿಲ್ಲ. ಗೋಡೆಗೆ ಒರಗಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು, ಊಟ ಆಯ್ತಾ ಮಗಾ, ಬಂದ ದಿನ ಎಂತ ಮಾಡ್ಲಿ ನಿನಗೆ, ಎಂದು ವಿಚಾರಿಸತೊಡಗಿದಳು.