ಮೂರೋ ಎಂಟೋ

ಸೋಮವಾರ ಬೆಳಗ್ಗೆ ಕಚೇರಿಗೆ ಯಾರು ಮೊದಲು ಬರುತ್ತಾರೋ ಅವರು ಗುಡಿಸಬೇಕು. ಪೊರಕೆ ಹಿಡಿದಲ್ಲ. ಅಲ್ಲಿದ್ದ ಆರು ಕಂಪ್ಯೂಟರುಗಳಲ್ಲೂ 'ಗುಡಿಸು' ಅನ್ನುವ ಪುಟ್ಟ ಸ್ಕ್ರಿಪ್ಟ್ ಇತ್ತು. ಅದನ್ನು ಓಡಿಸಿದರೆ ಸರ್ವರಿನಲ್ಲಿ ಕೋಡ್ ಹೇಗಿದೆಯೋ ಈ ಕಂಪ್ಯೂಟರಿನಲ್ಲೂ ಹಾಗೇ ಆಗಿ ಕೂರುತ್ತಿತ್ತು, ಹಳೆಯ ಚೂರುಪಾರು ಒಂದೂ ಉಳಿಯುತ್ತಿರಲಿಲ್ಲ. ಶುಕ್ರವಾರ ಸಂಜೆಯೇ ಎಲ್ಲರೂ ತಮ್ಮ ಕೆಲಸವನ್ನು ಸರ್ವರಿಗೆ ಕಳಿಸಿ, ಕಂಪ್ಯೂಟರನ್ನು ಮುಖ್ಯ ಬ್ರಾಂಚಿಗೆ, ಅಂದರೆ ಎಲ್ಲರ ಕೆಲಸ ಬಂದು ಸೇರುವ ಕವಲಿಗೆ, ತಿರುಗಿಸಿಟ್ಟು ಹೋಗುವುದು ಪದ್ಧತಿ. ಹಾಗಾಗಿ ಮೂರು ವರ್ಷದಿಂದ ಯಾರ ತಲೆಯೂ ಹೋಗಿರಲಿಲ್ಲ.

ಆ ಸೋಮವಾರ ಮೊದಲು ಬಂದವಳು ಅತ್ತಿಗೆ. ಅವಳು ನಿಜಕ್ಕೂ ಅತ್ತಿಗೆಯಾಗಿದ್ದದ್ದು ಒಬ್ಬಳಿಗೇ, ಅದೇ ಕಚೇರಿಯಲ್ಲಿ ಕಿಟಕಿ ಪಕ್ಕ ಕೂರುವ ತನ್ನ ನಾದಿನಿಗೆ. ಆದರೆ ನಾದಿನಿ ದಿನಕ್ಕೆ ಇಪ್ಪತ್ತು ಸಲ ಹಾಗೆ ಕೂಗುತ್ತಿದ್ದುದರಿಂದ ಇಡೀ ಕಚೇರಿಗೇ ಅವಳು ಅತ್ತಿಗೆಯಾಗಿಬಿಟ್ಟಿದ್ದಳು. ಕೆಲಸದಲ್ಲಿ ಚುರುಕು, ನಾಲಿಗೆಯಲ್ಲಿ ಇನ್ನೂ ಚುರುಕು. ಐದು ಕಂಪ್ಯೂಟರ್ ಗುಡಿಸಿ ಆರನೆಯದಕ್ಕೆ, ಅಂದರೆ ನಾದಿನಿಯದಕ್ಕೆ, ನಿಂತುಕೊಂಡೇ ಸ್ಕ್ರಿಪ್ಟ್ ಓಡಿಸಿದಳು. ಕೂತಿದ್ದರೆ ಪರದೆಯ ಮೂಲೆಯಲ್ಲಿ ಬರೆದಿದ್ದ ಬ್ರಾಂಚಿನ ಹೆಸರು ಕಣ್ಣಿಗೆ ಬೀಳುತ್ತಿತ್ತೋ ಏನೋ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆತುರಗಾತಿಗೂ ಅದೇ.

ಬ್ರಾಂಚ್ 'ಸರದಿ' ಅಂತಿತ್ತು. ಮುಖ್ಯದ್ದಲ್ಲ.

ಸ್ಕ್ರಿಪ್ಟ್ ಮುಗಿದ ಮೇಲೆ ಅದು ಕಂಡಿತು. ಕೂತಳು. ಯಾರು ಯಾವಾಗ ಏನು ಉಳಿಸಿಟ್ಟರು ಅನ್ನುವ ಪಟ್ಟಿ, ಲಾಗ್, ತೆಗೆದು ನೋಡಿದಳು. ನಾದಿನಿಯ ಹೆಸರಿನಲ್ಲಿ ಈ ಮೂರು ವಾರದ್ದು ಒಂದು ಕಮಿಟ್ ಕೂಡ, ಅಂದರೆ ಉಳಿಸಿಟ್ಟ ಕೆಲಸದ ಒಂದು ಕಂತು ಕೂಡ, ಇಲ್ಲ. ಮುಖ್ಯ ಬ್ರಾಂಚಿಗೆ ಹೋದಳು, ಅಲ್ಲೂ ಇಲ್ಲ. ಮತ್ತೆ 'ಸರದಿ'ಗೆ ಬಂದಳು, ಈ ಎರಡು ನಿಮಿಷದಲ್ಲಿ ಏನಾದರೂ ಮನಸ್ಸು ಬದಲಾಯಿಸಿರಬಹುದು ಅನ್ನುವ ಹಾಗೆ. ಸರ್ವರಿನಲ್ಲಿ ಹುಡುಕಿದಳು. ಅಲ್ಲಿ ಇರುವುದು ಸಾಧ್ಯವೇ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಅರೆಬೆಂದದ್ದನ್ನು ಬಡಿಸಬಾರದು ಅನ್ನುವುದು ನಾದಿನಿಯ ಹಟ. ಕೆಲಸ ಪೂರ್ತಿ ಮುಗಿಯುವ ತನಕ ಅವಳು ಸರ್ವರಿಗೆ ಏನನ್ನೂ ಕಳಿಸುತ್ತಿರಲಿಲ್ಲ, ಸುಮ್ಮನೆ ಶುಕ್ರವಾರ ಮುಖ್ಯ ಬ್ರಾಂಚಿಗೆ ತಿರುಗಿಸಿಟ್ಟು ಹೋಗುತ್ತಿದ್ದಳು. ಆಗ ಪೊರಕೆ ಮುಖ್ಯದ್ದಕ್ಕೆ ಮಾತ್ರ ತಾಗಿ ಅವಳ ಬ್ರಾಂಚ್ ಉಳಿಯುತ್ತಿತ್ತು. ಈ ಶುಕ್ರವಾರ ಅದನ್ನೂ ಮಾಡಿರಲಿಲ್ಲ. ಕಣ್ಣಿನ ಮುಂದೆ ಪರದೆ ಇಳಿದ ಹಾಗಾಗುತ್ತಿದೆ ಅಂದಳು, ಅವಳ ಅಣ್ಣ, ಅಂದರೆ ಅತ್ತಿಗೆಯ ಗಂಡ, ಬಂದು ಇದ್ದ ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಇವತ್ತು ಹತ್ತು ಗಂಟೆಗೆ ಅವಳ ಬಲಗಣ್ಣಿನ ಆಪರೇಷನ್. ಎಡಗಣ್ಣು ಚಿಕ್ಕಂದಿನಿಂದಲೂ ಮಂದ, ಓದುವುದೆಲ್ಲ ಬಲಗಣ್ಣಿನಿಂದಲೇ. ಆಮೇಲೆ ಆರು ವಾರ ಪರದೆ ನೋಡುವ ಹಾಗಿಲ್ಲ.

ಹೋದದ್ದು ಮೂರು ವಾರದ ಕೆಲಸ. ಒಂದು ಡಯಾಲಿಸಿಸ್ ಘಟಕಕ್ಕೆ ರೋಗಿಗಳ ಸರದಿ ಹಾಕುವ ಲೆಕ್ಕ. ಹನ್ನೆರಡು ಯಂತ್ರ, ಎಪ್ಪತ್ತು ರೋಗಿಗಳು. ಯಾರು ಯಾವ ದಿನ, ಯಾವ ಯಂತ್ರಕ್ಕೆ. ಮೂರನೇ ಯಂತ್ರ ಸೋಂಕಿರುವವರಿಗೇ ಮೀಸಲು, ಬೇರೆಯವರನ್ನು ಅಲ್ಲಿ ಮಲಗಿಸಿದರೆ ಅನಾಹುತ. ಹನ್ನೊಂದೂವರೆಗೆ ಆ ಘಟಕದ ಹಿರಿಯ ನರ್ಸ್ ಬಂದು ಅದನ್ನು ನೋಡುವವರಿದ್ದರು. ಆದರೆ ಅತ್ತಿಗೆಗೆ ಹತ್ತಿದ್ದ ಚಿಂತೆ ನರ್ಸಿನದಲ್ಲ. ಆ ಹುಡುಗಿ ಕಣ್ಣು ಕಳೆದುಕೊಳ್ಳುವ ಹೊತ್ತಿನಲ್ಲಿ ಮಾಡಿಟ್ಟದ್ದನ್ನು ತಾನು ನಿಂತ ನಿಲುವಿನಲ್ಲಿ ಒರೆಸಿಹಾಕಿದ್ದಳು. ಅವಳು ಮತ್ತೆ ಮಾಡಲಾರಳು. ಯಾವ ಮುಖ ಇಟ್ಟುಕೊಂಡು ಹೇಳುವುದು?

ಫೋನ್ ಬಡಿದುಕೊಂಡಿತು. ಗಂಡ.

"ಒಳಗೆ ಕರ್ಕೊಂಡು ಹೋದ್ರು. ಹೋಗೋವಾಗ ನಿನಗೊಂದು ಮಾತು ಹೇಳು ಅಂದ್ಳು. ಎಲ್ಲಾ ಕಮಿಟ್ ಮಾಡಿದೀನಿ, ನರ್ಸಿಗೆ ತೋರಿಸೋದೊಂದೇ ಬಾಕಿ ಅಂತೆ. ಏನೋ ಅದು, ನಿನಗೆ ಅರ್ಥ ಆಗುತ್ತಂತೆ."

"ಆಯ್ತು," ಅಂದಳು ಅತ್ತಿಗೆ.

ಒಂಬತ್ತೂವರೆಗೆ ಉಳಿದವರು ಬಂದರು. ಅವರಲ್ಲಿ ಒಬ್ಬ, ಬರೆದ ಕೋಡನ್ನು ಪರೀಕ್ಷಿಸುವವನು, ಅವಳ ಮುಖ ನೋಡಿಯೇ ಕುರ್ಚಿ ಎಳೆದುಕೊಂಡ. ಕಚೇರಿಯಲ್ಲಿ ಅವನಿಗೆ ಪಟಾಕಿ ಅಂತ ಹೆಸರು. ಎಲ್ಲಕ್ಕೂ ಅವನ ಹತ್ತಿರ ತಕ್ಷಣದ ಉಪಾಯ ಇರುತ್ತಿತ್ತು.

"ಇಷ್ಟಕ್ಕೆಲ್ಲ ತಲೆ ಮೇಲೆ ಕೈ ಹೊತ್ಕೊಂಡ್ರಾ ಅತ್ತಿಗೆ? ಫೋಲ್ಡರ್ ಕೆಟ್ಟಿದೆ ಅಷ್ಟೇ. ಪೂರ್ತಿ ಅಳಿಸಿ, ಸರ್ವರಿಂದ ಹೊಸದಾಗಿ ಇಳಿಸ್ಕೊಳ್ಳಿ. ನಂದು ಹೋದ ತಿಂಗಳು ಹಾಗೇ ಸರಿ ಹೋಯ್ತು."

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಯೋಚಿಸಿದ್ದರೆ, ಸರ್ವರಿನಲ್ಲೇ ಇಲ್ಲದ್ದು ಅಲ್ಲಿಂದ ಹೇಗೆ ಇಳಿದೀತು ಅಂತ ಅವಳಿಗೇ ಹೊಳೆಯುತ್ತಿತ್ತು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ, ಏನಾದರೂ ಮಾಡು ಅನ್ನುತ್ತಿತ್ತು. ಫೋಲ್ಡರನ್ನು ಆರಿಸಿ ಅಳಿಸುವ ಕೀಲಿ ಒತ್ತಿದಳು. ಶಾಶ್ವತವಾಗಿ ಅಳಿಸಲೇ ಅಂತ ಕಂಪ್ಯೂಟರ್ ಕೇಳಿತು.

"ಆ ಫೋಲ್ಡರ್ ಮುಟ್ಟಬೇಡ."

ಹಿಂದೆ ನಿಂತಿದ್ದವರು ತಾತ. ಕಚೇರಿಯ ಎಲ್ಲರಿಗಿಂತ ಹಿರಿಯರು, ಡೇಟಾಬೇಸ್ ನೋಡಿಕೊಳ್ಳುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದರು, ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಬೇಡ ಅಂತ ಒತ್ತು ಮೊದಲು," ಅಂದರು. ಒತ್ತಿದಳು.

"ಕಮಿಟ್ ಮಾಡಿದ್ಳಾ ಅವಳು?"

"ಎಲ್ಲಾ ಮಾಡಿದೀನಿ ಅಂದ್ಳಂತೆ."

"ಹಾಗಾದ್ರೆ ಬದುಕಿದೆ. ಮಾಡದೇ ಬಿಟ್ಟಿದ್ರೆ ನಾನೂ ಏನೂ ಮಾಡಕ್ಕಾಗ್ತಿರಲಿಲ್ಲ. ನೋಡು, ಬ್ರಾಂಚ್ ಅಂದ್ರೆ ಬಾಗಿಲಿಗೆ ಹೊಡೆದ ಹೆಸರಿನ ಹಲಗೆ. ನೀನು ಹಲಗೆ ಕಿತ್ತು ಬೇರೆ ಮನೆಗೆ ಹೊಡೆದಿದೀಯ. ಹಳೇ ಮನೆ ಬಿದ್ದಿಲ್ಲ, ಈ ಫೋಲ್ಡರಿನೊಳಗೇ ಇದೆ. ಹೆಸರಿಲ್ಲದೆ ಇರೋದ್ರಿಂದ ಲಾಗ್ ತೋರಿಸಲ್ಲ ಅಷ್ಟೇ. ಈ ಕಂಪ್ಯೂಟರ್ ಒಂದು ದಿನಚರಿ ಬರೀತಿರುತ್ತೆ, ಎಲ್ಲಿಂದ ಎಲ್ಲಿಗೆ ಹೋದೆ ಅಂತ. ಅದು ಸರ್ವರಲ್ಲಿ ಇರಲ್ಲ, ಇಲ್ಲೇ ಇರುತ್ತೆ. ಈಗ ನೀನು ಅಳಿಸೋಕೆ ಹೊರಟಿದ್ದು ಅದನ್ನೇ."

ಪಟಾಕಿ ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿಕೊಂಡ.

ಅವರು ಹೇಳಿದ ಹಾಗೆ ಆ ದಿನಚರಿ ತೆರೆಯಲು git reflog ಅಂತ ಹೊಡೆದಳು. ಸಾಲುಗಳು ಸುರಿದವು. ಮೇಲೆ ಅವಳ ಇವತ್ತಿನ ಓಡಾಟವೇ ಇತ್ತು. ಮೊದಲ ಎರಡು ಸಾಲು, ಅವಳು ಮುಖ್ಯಕ್ಕೆ ಹೋಗಿ ತಿರುಗಿ ಬಂದದ್ದು. ಮೂರನೆಯದು reset: moving to origin/main. ಸರ್ವರಿನ ಮುಖ್ಯ ಬ್ರಾಂಚ್ ಇದ್ದ ಜಾಗಕ್ಕೆ ಸರಿಸಿದ್ದು, ಅದೇ ಅವಳ ಪೊರಕೆ. ತಪ್ಪೊಪ್ಪಿಗೆಯನ್ನು ಕಂಪ್ಯೂಟರೇ ಬರೆದಿಟ್ಟಿತ್ತು.

"ಅದರ ಕೆಳಗಿನ ಸಾಲು," ಅಂದರು ತಾತ. "ಗುಡಿಸೋಕೆ ಮುಂಚೆ ಬ್ರಾಂಚ್ ನಿಂತಿದ್ದ ಜಾಗ. ಆ ಸಾಲಿನ ಮೊದಲಲ್ಲಿ ಏಳು ಅಕ್ಷರ ಇದೆಯಲ್ಲ, ಅದೇ ಅದರ ಗುರುತು. ಅದಕ್ಕೆ ಮೊದಲು ಒಂದು ಹೊಸ ಹೆಸರು ಕೊಡು. ಬೇರೆ ಏನೂ ಬೇಡ."

ಸಾಲು e4b19c7 ಅಂತ ಶುರುವಾಗುತ್ತಿತ್ತು. ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತಾ git branch usiru e4b19c7 ಅಂತ ಬರೆದಳು. 'ಉಸಿರು' ಅನ್ನುವ ಹೆಸರು ಯಾಕೆ ಬಂತೋ, ಬಂತು. ಆ ಬ್ರಾಂಚಿಗೆ ಹೋಗಿ ಲಾಗ್ ತೆಗೆದಳು. ಹದಿಮೂರು ಕಮಿಟ್, ನಾದಿನಿಯ ಹೆಸರು, ಶುಕ್ರವಾರ ಸಂಜೆಯವರೆಗೂ. ಒಂದೂ ಕಳೆದಿರಲಿಲ್ಲ.

"ಈಗ 'ಸರದಿ' ಹಲಗೇನ ವಾಪಸ್ ಇಲ್ಲಿಗೆ ಹೊಡೀಬೇಕು ಅಂದ್ರೆ ಮತ್ತೆ ರೀಸೆಟ್..." ಅಂತ ತಾತ ಶುರು ಮಾಡಿದರು.

"ಬೇಡ ತಾತ. ಇವತ್ತು ನನ್ನ ಕೈಯಿಂದ ಅದೊಂದು ಬೇಡ. 'ಉಸಿರು' ಅಂತಾನೇ ಇರ್ಲಿ." ಅದನ್ನು ಆಗಿಂದಾಗಲೇ ಸರ್ವರಿಗೂ ಕಳಿಸಿದಳು, ಅರೆಬೆಂದಿದ್ದರೂ ಇರಲಿ ಅಂತ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಹತ್ತೂಕಾಲು. ನರ್ಸ್ ಬರಲು ಇನ್ನೂ ಹೊತ್ತಿತ್ತು, ಆಪರೇಷನ್ ಮುಗಿದ ಸುದ್ದಿ ಇರಲಿಲ್ಲ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ಅವಳು ಆ ದಿನಚರಿಯನ್ನೇ ಕೆಳಗೆ ಸರಿಸುತ್ತಾ ಹೋದಳು, ಈ ಸಲ ತಾರೀಖು ಗಂಟೆಗಳ ಸಮೇತ.

ಲಾಗಿನಲ್ಲಿ ಹದಿಮೂರೇ ಕಮಿಟ್. ದಿನಚರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಸಾಲು. ಮುಕ್ಕಾಲು ಪಾಲು amend, ಅಂದರೆ ಮಾಡಿದ ಕಮಿಟನ್ನೇ ತಿದ್ದಿ ಮತ್ತೆ ಇಟ್ಟದ್ದು. ಮೊದಲ ವಾರ ಒಂದಕ್ಕೆ ಒಂದೋ ಎರಡೋ. ಆಮೇಲೆ ನಾಲ್ಕು, ಐದು. ಎರಡು ವಾರದ ಹಿಂದಿನ ಬುಧವಾರ ಒಂದೇ ಮಧ್ಯಾಹ್ನ ಒಂದೇ ಕಮಿಟನ್ನು ಹನ್ನೊಂದು ಸಲ ತಿದ್ದಿದ್ದಳು, ಆರೇಳು ನಿಮಿಷಕ್ಕೊಮ್ಮೆ. ಅಂಥದ್ದೇನಿತ್ತು ತಿದ್ದಲು? ಅತ್ತಿಗೆ ಒಂದೊಂದು ಜೋಡಿಯ ವ್ಯತ್ಯಾಸ ತೆಗೆದು ನೋಡಿದಳು.

ಯಂತ್ರ 8 ಇದ್ದಲ್ಲಿ 3 ಮಾಡಿದ್ದಳು. ಮುಂದಿನದರಲ್ಲಿ 3 ಇದ್ದಲ್ಲಿ 8. ಮತ್ತೆ 8 ಅನ್ನು 3. ಲೆಕ್ಕ ತಪ್ಪಿದ್ದಲ್ಲ, ಯೋಚನೆ ತಪ್ಪಿದ್ದಲ್ಲ. ಬರೆದದ್ದು ಮೂರೋ ಎಂಟೋ ಅವಳಿಗೆ ಕಾಣುತ್ತಿರಲಿಲ್ಲ. ಸೋಂಕಿನ ಯಂತ್ರಕ್ಕೆ ತಪ್ಪು ರೋಗಿ ಹೋಗಬಾರದು ಅಂತ ಮತ್ತೆ ಮತ್ತೆ ತೆಗೆದು, ಹತ್ತಿರ ಹಿಡಿದು ನೋಡಿ, ತಿದ್ದಿ, ಕೊನೆಗೆ ಎಲ್ಲವೂ ಸರಿಯಾದ ಮೇಲೆ ಒಂದೇ ಒಂದು ಶುಭ್ರವಾದ ಕಮಿಟ್ ಉಳಿಸಿದ್ದಳು.

ಆ ಬುಧವಾರ ಅತ್ತಿಗೆಗೆ ಚೆನ್ನಾಗಿ ನೆನಪಿತ್ತು. ಎಲ್ಲರೂ ಇದ್ದಾಗ, "ನಿಧಾನವೇ ಪ್ರಧಾನ ಅಂತ ಹಣೇಲಿ ಬರ್ಕೊಂಡಿದೀಯಾ? ನಿನ್ನ ಪಕ್ಕ ಬಸವನಹುಳು ಬಿಟ್ರೆ ಅದು ಮುಂದೆ ಹೋಗುತ್ತೆ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ನಾದಿನಿಯೂ ನಕ್ಕಿದ್ದಳು. ನಕ್ಕು ಹೋಗಿ ಕಿಟಕಿ ಪಕ್ಕ ಕೂತು ಹನ್ನೊಂದು ಸಲ ತಿದ್ದಿದ್ದಳು.

ನರ್ಸ್ ಬಂದರು, ಸರದಿ ನೋಡಿದರು, ಮೂರನೇ ಯಂತ್ರದ ಮೇಲೆ ಬೆರಳಿಟ್ಟು ಎಂಟು ಪ್ರಶ್ನೆ ಕೇಳಿದರು. ಒಂದು ತಪ್ಪೂ ಸಿಗಲಿಲ್ಲ. "ಇದನ್ನ ಮಾಡಿದವರು ಯಾರು?" ಅಂದರು. "ಅವಳು ಆಸ್ಪತ್ರೇಲಿದಾಳೆ," ಅಂದಳು ಅತ್ತಿಗೆ. ಹೊಗಳಿಕೆ ಕೇಳುವುದಕ್ಕೂ ಅವಳಿಗೆ ತಾಳ್ಮೆ ಇರಲಿಲ್ಲ.

ನಾಲ್ಕು ಗಂಟೆಗೆ ಅವಳು ವಾರ್ಡಿನಲ್ಲಿದ್ದಳು. ಕಳಚಿದ ಒಳಪದರವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರಿಂದ ನಾದಿನಿ ಬೋರಲು ಮಲಗಿರಬೇಕಿತ್ತು, ಮುಖ ಮಂಚದ ತಲೆಯಾಚೆಗೆ ಚಾಚಿ ಜೋಡಿಸಿದ ದಿಂಬಿನ ತೂತಿನಲ್ಲಿತ್ತು. ಅತ್ತಿಗೆಗೆ ಕಂಡದ್ದು ಜಡೆ ಮಾತ್ರ.

"ಅತ್ತಿಗೆ, ನಿಮ್ಮ ಚಪ್ಪಲಿ ಸದ್ದು ಗೊತ್ತಾಗುತ್ತೆ. ಸರದಿ ತೋರಿಸಿದ್ರಾ?"

"ತೋರಿಸ್ದೆ. ಒಂದು ತಪ್ಪೂ ಇಲ್ಲ ಅಂದ್ರು." ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಬೆಳಗ್ಗೆ ನಾನು ಅದನ್ನ ಗುಡಿಸಿಹಾಕಿದ್ದೆ ಕಣೇ. ಪೂರ್ತಿ ಹೋಗಿತ್ತು. ರಿಫ್ಲಾಗ್ ನೋಡಿ ವಾಪಸ್ ತಂದ್ವಿ."



"ಎಲ್ಲೀವರೆಗೆ ನೋಡಿದ್ರಿ?"

"ಕೆಳಗಿನ ತನಕ."

ಪಕ್ಕದ ಮಂಚದವರು ಕೆಮ್ಮಿದರು. ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು.

"ಕಣ್ಣು ಹೀಗಾಗಿದೆ ಅಂತ ಯಾಕೆ ಹೇಳ್ಲಿಲ್ಲ? ಎರಡು ವಾರದಿಂದ ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣದೆ ಕೂತಿದೀಯಲ್ಲೇ."

"ಹೇಳೋಕೆ ಬಂದಿದ್ದೆ ಅತ್ತಿಗೆ. ಆ ಬುಧವಾರ ನಿಮ್ಮ ಮೇಜಿನ ಹತ್ರ ಬಂದಿದ್ದೇ ಅದಕ್ಕೆ." ದಿಂಬಿನೊಳಗಿಂದ ದನಿ ಮೆತ್ತಗೆ ಬರುತ್ತಿತ್ತು, ಅದರಲ್ಲಿ ಕೋಪವೇನೂ ಇರಲಿಲ್ಲ. "ನೀವು ಬಸವನಹುಳು ಅಂದ್ರಿ. ಎಲ್ಲ ನಕ್ಕರು. ಆಮೇಲೆ ಹೇಳೋಣ ಅಂದ್ಕೊಂಡೆ. ಡಾಕ್ಟ್ರು ಇವತ್ತು ಅದನ್ನೇ ಹೇಳಿದ್ರು, ಎರಡು ವಾರ ಮೊದಲು ಬಂದಿದ್ರೆ ಪೂರ್ತಿ ಉಳೀತಿತ್ತು ಅಂತ."

ಬೆಳಗಿನಿಂದ ಕುಣಿಯುತ್ತಿದ್ದ ಅತ್ತಿಗೆಯ ಕಾಲು ಈಗ ತಣ್ಣಗೆ ನಿಂತಿತ್ತು. ಸೆರಗು ಸಿಕ್ಕಿಸಿಕೊಂಡು ಆಸ್ಪತ್ರೆಯ ನೆಲದ ಮೇಲೆ ಕೂತಳು. ಸಾಲದೆ, ಅಂಗಾತ ಮಲಗಿ ಆ ದಿಂಬಿನ ತೂತಿನ ಕೆಳಗೆ ತಲೆ ತೂರಿಸಿದಳು, ನಾದಿನಿಯ ಮುಖ ನೇರ ಮೇಲೆ ಬರುವ ಹಾಗೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಅವಳನ್ನೇ ನೋಡುತ್ತಿತ್ತು.

"ನೆಲ ಗಲೀಜು ಅತ್ತಿಗೆ, ಏಳಿ."

"ಇರ್ಲಿ," ಅಂದಳು ಅತ್ತಿಗೆ. "ಬುಧವಾರ ಏನು ಹೇಳೋಕೆ ಬಂದಿದ್ದೆಯೋ ಅದನ್ನ ಈಗ ಹೇಳು. ನಿಧಾನವಾಗೇ ಹೇಳು."