ದೃಷ್ಟಿಯಾಗುತ್ತೆ ಅಂದಳು ನಿನಾಂಗ್

ನಮ್ಮೂರಿನಿಂದ ಯಾರೂ ಸದ್ದಿಲ್ಲದೆ ಹೊರದೇಶಕ್ಕೆ ಹೋಗುವುದಿಲ್ಲ. ಹೊರಡುವ ಮುಂಚೆ ಬೀಳ್ಕೊಡುಗೆಯ ಊಟ ಆಗಲೇಬೇಕು. ಇದ್ದವರು ಇಡೀ ಹಂದಿ ಸುಡುತ್ತಾರೆ, ಇಲ್ಲದವರು ಪಾನ್ಸಿತ್ ಶ್ಯಾವಿಗೆ ಮಾಡುತ್ತಾರೆ. ಆಮೇಲೆ ಮೈಕ್ ಹಿಡಿದು ಅಪಸ್ವರದಲ್ಲಿ ಹಾಡುವುದಂತೂ ತಪ್ಪುವುದಿಲ್ಲ. ಹಾಗಾಗಿ ನನ್ನ ತಮ್ಮನ ಮಗಳು ಜೋವೆಲಿನ್, "ಥಾಯ್ಲೆಂಡಿಗೆ ಹೋಗ್ತಿದ್ದೀನಿ ಅತ್ತೆ, ಊಟಗೀಟ ಬೇಡ" ಅಂದಾಗ ನನಗೆ ಅನುಮಾನ ಬಂತು.

"ಯಾಕೆ ಬೇಡ?"

"ದೃಷ್ಟಿಯಾಗುತ್ತಂತೆ. ಯಾರಿಗೂ ಹೇಳ್ಬೇಡ ಅಂದ್ರು ನಿನಾಂಗ್."

ನಿನಾಂಗ್ ಅಂದರೆ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡ ಧರ್ಮತಾಯಿ. ಇವಳ ನಿನಾಂಗ್ ಎರ್ಲಿಂಡಾ. ಅಪ್ಪ ಸತ್ತ ಮೇಲೆ ಜೋವೆಲಿನ್‌ಳನ್ನು ಓದಿಸಿದ್ದೂ ಅವಳೇ, ಈಗ ಈ ಕೆಲಸ ಕೊಡಿಸುತ್ತಿರುವುದೂ ಅವಳೇ.

ನಾನು ಪುರಸಭೆಯ ಉದ್ಯೋಗ ವಿಭಾಗದಲ್ಲಿ ಕೂರುವವಳು. ಈ ಪುರಿತಾಳ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ, ಹೇಳಲಿ. ಕರಾರುಪತ್ರ ತಾ ಅಂದೆ. ಕಂಪ್ಯೂಟರ್ ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುವ ಕೆಲಸವಂತೆ. ಮೇಲೆ ಮನಿಲಾದ ಒಂದು ಏಜೆನ್ಸಿಯ ಹೆಸರಿತ್ತು. ಸರ್ಕಾರಿ ವೆಬ್‌ಸೈಟಿನಲ್ಲಿ ನೋಡಿದೆ. ಏಜೆನ್ಸಿ ನಿಜ, ಪರವಾನಗಿಯೂ ಇದೆ. ಆದರೆ ಥಾಯ್ಲೆಂಡಿಗೆ ಜನ ಕಳಿಸಲು ಅದಕ್ಕೆ ಮಂಜೂರಾದ ಕೆಲಸ ಒಂದೂ ಇರಲಿಲ್ಲ. ಏಜೆನ್ಸಿಗೇ ಫೋನ್ ಮಾಡಿ ವಿಚಾರಿಸಿದರೆ, "ಎರ್ಲಿಂಡಾನಾ? ಯಾರಮ್ಮ ಅದು?" ಅಂದರು.

"ಏರ್‌ಪೋರ್ಟಲ್ಲಿ ಕೇಳಿದ್ರೆ ಏನು ಹೇಳ್ಬೇಕಂತೆ?"

"ಪ್ರವಾಸಕ್ಕೆ ಹೋಗ್ತಿದ್ದೀನಿ ಅನ್ನಬೇಕಂತೆ."

"ಹುಚ್ಚಿ, ಕೆಲಸಕ್ಕೆ ಹೋಗೋರಿಗೆ ಸರ್ಕಾರದ ಪ್ರಮಾಣಪತ್ರ ಇರುತ್ತೆ. ಪ್ರವಾಸಿ ಅಂತ ಸುಳ್ಳು ಹೇಳಿಸಿ ಕಳಿಸೋರು ಕೆಲಸಕ್ಕೆ ಕಳಿಸ್ತಿಲ್ಲ, ಮಾರ್ತಿದ್ದಾರೆ."

ಅವಳ ಕಣ್ಣು ತುಂಬಿತು. "ನನ್ನ ಓದಿಸಿದೋರು ಅತ್ತೆ ಅವ್ರು. ಆ ಋಣ ಇಲ್ವಾ ನಂಗೆ? ನೀವು ಯಾವತ್ತು ಯಾರನ್ನ ನಂಬಿದ್ದೀರಿ ಹೇಳಿ!"

ನಮ್ಮ ಜನ ಋಣ ಅಂದರೆ ತಲೆಯನ್ನೇ ಕೊಡುತ್ತಾರೆ. ವೆಬ್‌ಸೈಟು ತೋರಿಸಿ ಅದನ್ನು ಅಳಿಸಲಾಗದು. ನಾನು ವಾದ ನಿಲ್ಲಿಸಿ ಶ್ಯಾವಿಗೆ ನೆನೆಸಿದೆ, ನೆರೆಹೊರೆಯನ್ನೆಲ್ಲ ಊಟಕ್ಕೆ ಕರೆದೆ. ಊಟಕ್ಕೆ ಬಂದವರು ಯಾವ ಏಜೆನ್ಸಿ, ಯಾರು ಕಳಿಸಿದ್ದು ಅಂತ ಕೇಳದೆ ಬಿಡುವುದಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಪಕ್ಕದ ಮನೆಯ ಸಲೂದ್ ತಟ್ಟೆ ಹಿಡಿದು ಕೇಳಿದಳು, "ಯಾರು ಕಳಿಸ್ತಿರೋದು ಮಗಾ?"

"ಎರ್ಲಿಂಡಾ ನಿನಾಂಗ್."

ಸಲೂದ್ ತಟ್ಟೆ ಕೆಳಗಿಟ್ಟಳು. ಮಗಳು ರೊಸಾಲಿ ಮನಿಲಾದಲ್ಲಿದ್ದಾಳೆ ಅಂತ ತಿಂಗಳಿಂದ ನಮಗೆಲ್ಲ ಹೇಳುತ್ತಿದ್ದವಳು ಅವಳು. ನಮ್ಮಿಬ್ಬರನ್ನು ಅಡಿಗೆಮನೆಗೆ ಕರೆದು ಅಂಗಿಯ ತುದಿಯಿಂದ ಮುಖ ಒತ್ತಿಕೊಂಡಳು.

"ನನ್ನ ರೊಸಾಲಿನೂ ಅವಳೇ ಕಳಿಸಿದ್ದು. ದೃಷ್ಟಿಯಾಗುತ್ತೆ, ಹೇಳ್ಬೇಡ ಅಂದ್ಲು. ಥಾಯ್ಲೆಂಡಲ್ಲಿ ಇಳಿಸಿ, ನದಿ ದಾಟಿಸಿ ಮ್ಯಾನ್ಮಾರ್‌ಗೆ ಕರ್ಕೊಂಡು ಹೋಗಿದ್ದಾರೆ ಅಂತ ಮಗಳು ಕದ್ದು ಮೆಸೇಜ್ ಮಾಡಿದ್ಲು. ಪಾಸ್‌ಪೋರ್ಟ್ ಕಿತ್ಕೊಂಡು ಬೇರೆ ಕರಾರಿಗೆ ಸಹಿ ಹಾಕಿಸ್ಕೊಂಡ್ರಂತೆ. ಫೋನಲ್ಲಿ ಪ್ರೀತಿ ನಾಟಕ ಆಡಿ ಜನರಿಗೆ ಮೋಸ ಮಾಡ್ಬೇಕು, ಆಗಲ್ಲ ಅಂದ್ರೆ ಹೊಡೀತಾರೆ."

"ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?" ಕಿರುಚಿಬಿಟ್ಟೆ.

"ಏರ್‌ಪೋರ್ಟಲ್ಲಿ ಸುಳ್ಳು ಹೇಳಿದ್ದು ರೊಸಾಲಿ, ದೂರು ಕೊಟ್ರೆ ಅವಳೇ ಜೈಲಿಗೆ ಹೋಗ್ತಾಳೆ ಅಂದ್ಲು ಎರ್ಲಿಂಡಾ."

"ಸುಳ್ಳು! ಮೋಸಕ್ಕೆ ಸಿಕ್ಕೋಳು ಒಪ್ಪಿ ಸಹಿ ಹಾಕಿದ್ರೂ ಕಾನೂನಿನ ಕಣ್ಣಲ್ಲಿ ಅಪರಾಧಿ ಅಲ್ಲ. ರೊಸಾಲಿಯ ಒಂದು ಮೆಸೇಜೂ ಅಳಿಸ್ಬೇಡ."

ಅಲ್ಲಿಂದಲೇ ೧೩೪೩ಕ್ಕೆ ಫೋನ್ ಮಾಡಿದೆ. ಮಾನವ ಸಾಗಣೆಯ ದೂರಿಗೆಂದೇ ಇರುವ ನಂಬರ್ ಅದು. ಆ ಕಡೆಯ ಹೆಂಗಸು ಸಲೂದಳ ಮಾತನ್ನೆಲ್ಲ ಬರೆದುಕೊಂಡು, ರಾಯಭಾರ ಕಚೇರಿಗೆ ತಿಳಿಸುತ್ತೇವೆ ಅಂದಳು. ಸ್ವಲ್ಪ ಹೊತ್ತಿಗೆ ತನಿಖಾ ಅಧಿಕಾರಿಯೊಬ್ಬ ಮರಳಿ ಫೋನ್ ಮಾಡಿದ. ನಾಳೆ ಜೋವೆಲಿನ್ ಮನಿಲಾ ಹಡಗು ಹತ್ತುವ ಬಂದರಿನಲ್ಲಿ ನಾವಿರುತ್ತೇವೆ, ಅಲ್ಲಿಯವರೆಗೆ ಎರ್ಲಿಂಡಾಳಿಗೆ ಸುಳಿವು ಸಿಗಕೂಡದು, ಸಿಕ್ಕರೆ ಅಲ್ಲಿರುವ ಹುಡುಗಿಗೆ ಅಪಾಯ ಅಂದ. ಜೋವೆಲಿನ್ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಳು.

ಅಷ್ಟರಲ್ಲಿ ಅಂಗಳದಲ್ಲಿ ಎರ್ಲಿಂಡಾಳ ದನಿ. ಊಟದ ಸುದ್ದಿ ಮುಟ್ಟಿರಬೇಕು.

"ಪುರಿತಾ, ಬೇಡ ಅಂದ್ರೂ ಊರೆಲ್ಲ ಸೇರಿಸಿದ್ದೀಯಲ್ಲ?"

"ನನ್ನ ಬಾಯಿ ನಿಂಗೆ ಗೊತ್ತಲ್ಲ," ಅಂದೆ. ಈ ಹುಡುಗಿ ಈಗ ಅತ್ತರೆ ರೊಸಾಲಿಯ ಕಥೆ ಮುಗಿಯಿತು.

ಎರ್ಲಿಂಡಾ ರೂಢಿಯಂತೆ ಕೈ ಚಾಚಿದಳು. ನಡೆಯಲು ಕಲಿತಂದಿನಿಂದ ಜೋವೆಲಿನ್ ಹಿರಿಯರೆಂದು ಹಣೆಗೊತ್ತಿಕೊಂಡ ಕೈ ಅದು. ಅವಳು ಬಂದು ಬಗ್ಗಿ, ಅದನ್ನು ಹಣೆಗೆ ಒತ್ತಿಕೊಂಡಳು.

"ನಾಳೆ ಎಷ್ಟು ಹೊತ್ತಿಗೆ ಬಂದರಿಗೆ ಬರ್ಲಿ ನಿನಾಂಗ್?"

"ಬೆಳಕು ಹರಿಯೋ ಮುಂಚೆ ಬಾ ಮಗಾ. ನಾನೇ ಹತ್ತಿಸ್ತೀನಿ."

"ಖಂಡಿತ ಬನ್ನಿ," ಅಂದು ಜೋವೆಲಿನ್ ಅವಳಿಗೆ ತಟ್ಟೆ ತುಂಬ ಶ್ಯಾವಿಗೆ ಬಡಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ಹಣೆಯನ್ನು ಸೋಪು ಹಚ್ಚಿ ಉಜ್ಜಿದಳು, ಚರ್ಮ ಕೆಂಪಾದರೂ ಬಿಡದೆ ಉಜ್ಜಿದಳು.