ಶಂಕರೆಪ್ಪ ಸರ್ ಬರೆದ ಶಿಫಾರಸು

ಸಾವಿತ್ರೆವ್ವ ತನ್ನ ಗುರುಗಳಿಗೆ ಬರೆದ ಕಾಗದದಲ್ಲಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆಗೆ ಅರ್ಜಿ ಹಾಕಿದ್ದಳು. ಅವಳನ್ನು ಬಲ್ಲ ಗುರುಗಳಿಬ್ಬರ ಶಿಫಾರಸು ಪತ್ರ ನೇರವಾಗಿ ವಿಭಾಗಕ್ಕೇ ಹೋಗಬೇಕು, ಅಭ್ಯರ್ಥಿಯ ಕೈಗೆ ಕೊಡುವಂತಿಲ್ಲ. ಒಬ್ಬರು ಧಾರವಾಡದವರೇ, ಬರೆದುಕೊಟ್ಟರು. ಇನ್ನೊಬ್ಬರು ಜಮಖಂಡಿ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ ಶಂಕರೆಪ್ಪ ಸರ್.

ಅವರಿಗೆ ಎಲ್ಲ ಬಿಡಿಸಿ ಬರೆದಳು. ಬನಹಟ್ಟಿಯ ನೇಕಾರರ ಮೇಲೆ ತಾನು ಮಾಡಿದ ಪ್ರಬಂಧ, ಅದಕ್ಕಾಗಿ ಮಗ್ಗದ ಮನೆಗಳಿಗೆ ಅಲೆದದ್ದು, ಈಗ ಬೀಳಗಿಯ ಹೈಸ್ಕೂಲಿನಲ್ಲಿ ಕಲಿಸುತ್ತಿರುವುದು, ಇಷ್ಟು ಹೇಳಿದರೆ ಸಾಕು ಸರ್ ಎಂದಳು. ಜೂನ್ ಹದಿನೈದರೊಳಗೆ ಮುಟ್ಟಲೇಬೇಕು, ಬರುವ ವರ್ಷ ನನ್ನ ವಯಸ್ಸು ಮಿತಿ ದಾಟುತ್ತದೆ ಎಂದಳು. ನೇರ ಟಪಾಲಿಗೆ ಹಾಕಿಬಿಡಿ ಎಂದು, ವಿಭಾಗದ ವಿಳಾಸ ಬರೆದು, ಟಿಕೆಟು ಹಚ್ಚಿದ ಲಕೋಟೆಯನ್ನೂ ಒಳಗಿಟ್ಟಳು. ಇದಕ್ಕಿಂತ ಇನ್ನೇನು ಮಾಡಬೇಕಿತ್ತು ಹೇಳಿ! 'ಛಲೋ ಬರೀತೇನವ್ವಾ, ಚಿಂತಿ ಬ್ಯಾಡ' ಎಂದು ಸರ್ ಕಾರ್ಡು ಹಾಕಿದರು. ಅವಳು ನಿಶ್ಚಿಂತಳಾದಳು.

ಜುಲೈಯಲ್ಲಿ ಧಾರವಾಡದಿಂದ ಉತ್ತರ ಬಂತು. ಒಂದು ಶಿಫಾರಸು ತಲುಪದ ಕಾರಣ ಅರ್ಜಿಯನ್ನು ಪರಿಗಣಿಸಿಲ್ಲ.

ಭಾನುವಾರ ಜಮಖಂಡಿಯ ಬಸ್ಸು ಹಿಡಿದಳು. ಮರೆತಿರಬೇಕು ಮುದುಕ, ಸರಿಯಾಗಿ ನಾಲ್ಕು ಮಾತು ಕೇಳಿಯೇ ಬರುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದಳು.

"ಅಂತೂ ಬಂದೆಲ್ಲವ್ವಾ!" ಸರ್ ಬಾಗಿಲಲ್ಲೇ ಅರಳಿ ನಿಂತರು. ಇಬ್ಬರೂ ಒಳಗೆ ಕೂತ ಮೇಲೆ ಅವರ ಹೆಂಡತಿ ಗುರುಬಸವ್ವ ದೇವರ ಜಗಲಿಯಿಂದ ಅದೇ ಲಕೋಟೆಯನ್ನು ತಂದರು. ಅಂಟಿಸಿತ್ತು, ಮೇಲೆ ವಿಭೂತಿ ಹಚ್ಚಿತ್ತು.

"ಮೇ ತಿಂಗಳದಾಗ ಬರದಿಟ್ಟೇನಿ. ನನ್ನ ಶಿಷ್ಯರೆಲ್ಲಾ ಮನಿಗೆ ಬಂದು, ಉಂಡು, ಆಶೀರ್ವಾದ ತಗೊಂಡ ಒಯ್ತಾರ. ಟಪಾಲಿಗೆ ಒಗದು ಕೈತೊಳಕೊಳ್ಳಾಕ ನೀ ಏನು ಹೊರಗಿನಾಕಿ ಏನು? ಸಂಕೋಚಕ್ಕ ಹಂಗ ಬರದಾಳ, ಬಂದ ಬರ್ತಾಳ ಅಂತ ದಿನಾ ಹಾದಿ ನೋಡಿದ್ವಿ."

ಸಾವಿತ್ರೆವ್ವ ಲಕೋಟೆಯನ್ನು ಕೈಗೆ ತೆಗೆದುಕೊಂಡಳು. ಮರೆತಿದ್ದರೆ ಬೈಯಬಹುದಿತ್ತು. ಇಷ್ಟು ಪ್ರೀತಿಯನ್ನು ಯಾರು ಹೇಗೆ ಬೈಯಬೇಕು?

"ತಾರೀಖ ಮುಗದೈತ್ರಿ ಸರ್," ಎಂದಳು.

"ಮುಗದ್ರ ಮುಗೀಲಿ. ಬರೂ ವರ್ಷ ಹಾಕು, ಇದಕ್ಕಿಂತ ಛಲೋ ಬರದು..." ಎನ್ನುತ್ತ ಸರ್ ತಟ್ಟನೆ ಮಾತು ನಿಲ್ಲಿಸಿದರು. ವಯಸ್ಸಿನ ಬಗ್ಗೆ ಅವಳು ಬರೆದದ್ದು ಆಗ ನೆನಪಾಗಿರಬೇಕು. ಮುಖದ ಕಳೆ ಇಳಿದುಹೋಯಿತು.

"ಬರೂ ವರ್ಷ ನನಗ ಇಲ್ರಿ ಸರ್."

ಗುರುಬಸವ್ವ ಒಳಗಿನಿಂದ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ. ಹೊರಡಲೆಂದು ಎದ್ದ ಸಾವಿತ್ರೆವ್ವ ರೂಢಿಯಂತೆ ಬಗ್ಗಿ ಅವರ ಪಾದಕ್ಕೆ ಕೈ ಚಾಚಿದಳು.

ಶಂಕರೆಪ್ಪ ಸರ್ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

"ಬ್ಯಾಡವ್ವಾ," ಎಂದರು. "ಯಾವ ಬಾಯಿಲೆ ಆಶೀರ್ವಾದ ಮಾಡ್ಲಿ?"